ಅರಿವು–ಮನೋಭಾವ–ರೂಢಿ ಪ್ರಶ್ನಾವಳಿ: ರಾಯಚೂರು, ದೇವದುರ್ಗ, ಮಾನ್ವಿಗಳ ಕುಡಿಯುವ ನೀರಿನ ಸಮೀಕ್ಷೆಯ ನೆಲೆಯಲ್ಲಿ

ಒಂದು ವಿಷಯದ ಬಗ್ಗೆ ಜನರಿಗೆ ಏನು ಗೊತ್ತಿದೆ, ಅದರ ಬಗ್ಗೆ ಅವರಿಗೆ ಏನು ಅನ್ನಿಸುತ್ತದೆ, ದಿನನಿತ್ಯ ಅವರು ನಿಜವಾಗಿ ಏನು ಮಾಡುತ್ತಾರೆ ಎಂಬ ಮೂರನ್ನು ಮನೆಮನೆಗೆ ಹೋಗಿ ಕೇಳಿ ಅಳೆಯುವ ಸಾಧನವೇ ಅರಿವು–ಮನೋಭಾವ–ರೂಢಿ ಪ್ರಶ್ನಾವಳಿ. ಆರೋಗ್ಯ ಇಲಾಖೆಯಲ್ಲಿಯೂ ವೈದ್ಯಕೀಯ ಕಾಲೇಜುಗಳಲ್ಲಿಯೂ ಇದು ಕೆಎಪಿ ಸಮೀಕ್ಷೆ ಎಂದು ಪರಿಚಿತ. ಮೂರು ಭಾಗಗಳು ಒಂದೇ ಹಾಳೆಯಲ್ಲಿ ಇದ್ದರೂ ಅವುಗಳ ಸ್ವಭಾವ ಬೇರೆಬೇರೆ. ಅರಿವಿಗೆ ಸರಿ ಉತ್ತರ, ತಪ್ಪು ಉತ್ತರ ಎಂಬುದಿದೆ, ಮನೋಭಾವಕ್ಕೆ ಇಲ್ಲ. ರೂಢಿಗೆ ಮನೆಯೊಳಗೆ ಕಣ್ಣಿಗೆ ಕಾಣುವ ಸಾಕ್ಷ್ಯವಿರುತ್ತದೆ. ಹೀಗಾಗಿ ಮೂರನ್ನೂ ಒಂದೇ ಪರೀಕ್ಷೆಗೆ ಒಡ್ಡಿ ‘ಪ್ರಶ್ನಾವಳಿ ಸಪ್ರಮಾಣವಾಗಿದೆ’ ಎಂದು ಹೇಳಲಾಗದು. ಅರಿವಿನ ಪ್ರಶ್ನೆಯನ್ನು ಸ್ಥಳೀಯ ಸತ್ಯಕ್ಕೆ, ಮನೋಭಾವದ ಪ್ರಶ್ನೆಯನ್ನು ಉತ್ತರಗಳ ಒಳಹೊಂದಿಕೆಗೆ, ರೂಢಿಯ ಪ್ರಶ್ನೆಯನ್ನು ಕಂಡದ್ದಕ್ಕೆ ಹೋಲಿಸಿ ನೋಡಬೇಕು. ಈ ಲೇಖನ ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳಲ್ಲಿ ಕುಡಿಯುವ ನೀರು ಮತ್ತು ವಾಂತಿಭೇದಿಯನ್ನು ಕುರಿತ ಪ್ರಶ್ನಾವಳಿಯೊಂದನ್ನು ಮಾದರಿಯಾಗಿ ಇಟ್ಟುಕೊಂಡು ಆ ಕ್ರಮವನ್ನು ವಿವರಿಸುತ್ತದೆ. ಲೆಕ್ಕ ತೋರಿಸಲು ಬಳಸಿದ ಉತ್ತರಗಳ ಸಂಖ್ಯೆಗಳು ಉದಾಹರಣೆಗಾಗಿ ಕಲ್ಪಿಸಿದವು, ಯಾವುದೇ ಸಮೀಕ್ಷೆಯ ಫಲಿತಾಂಶಗಳಲ್ಲ.

ಹಿನ್ನೆಲೆ

ಈ ಬಗೆಯ ಸಮೀಕ್ಷೆ ಬೆಳೆದದ್ದು 1950 ಮತ್ತು 60ರ ದಶಕಗಳ ಕುಟುಂಬ ಯೋಜನೆಯ ಅಧ್ಯಯನಗಳಲ್ಲಿ. ಕರ್ನಾಟಕಕ್ಕೂ ಅದರ ಆರಂಭಕ್ಕೂ ನೇರ ಸಂಬಂಧವಿದೆ. ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಯಾಗಿ 1951–52ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿ ನಡೆಸಿದ ‘ಮೈಸೂರು ಜನಸಂಖ್ಯಾ ಅಧ್ಯಯನ’ ಬೆಂಗಳೂರು ನಗರದಲ್ಲೂ ಹಳ್ಳಿಗಳಲ್ಲೂ ಕುಟುಂಬದ ಗಾತ್ರ, ಸಂತಾನ ನಿಯಂತ್ರಣಗಳ ಬಗ್ಗೆ ಜನರ ಅಭಿಪ್ರಾಯ ಕೇಳಿತ್ತು. ವರದಿ 1961ರಲ್ಲಿ ಪ್ರಕಟವಾಯಿತು. ರಾಯಚೂರು ಆಗ ಹೈದರಾಬಾದ್ ರಾಜ್ಯದಲ್ಲಿದ್ದ ಕಾರಣ ಅದರ ವ್ಯಾಪ್ತಿಗೆ ಬರಲಿಲ್ಲ.

ಇಂಥ ಸಮೀಕ್ಷೆಗಳ ದೌರ್ಬಲ್ಯವೂ ಬೇಗನೆ ಹೊರಬಿತ್ತು. ಸಂತಾನ ನಿಯಂತ್ರಣ ಬೇಕು ಎಂದವರ ಸಂಖ್ಯೆಗೂ ಅದನ್ನು ನಿಜವಾಗಿ ಬಳಸಿದವರ ಸಂಖ್ಯೆಗೂ ದೊಡ್ಡ ಅಂತರ ಕಂಡಿತು. ಪಂಜಾಬಿನ ಖನ್ನಾ ಅಧ್ಯಯನ ನಡೆದ ಮನುಪುರ ಎಂಬ ಹಳ್ಳಿಗೆ ಆಮೇಲೆ ಹೋದ ಮಹಮೂದ್ ಮಮ್ದಾನಿ, ಜನ ಗುಳಿಗೆಗಳನ್ನು ತೆಗೆದುಕೊಂಡರೂ ಬಳಸಿರಲಿಲ್ಲ, ಬಂದವರ ಮನಸ್ಸು ನೋಯಿಸಬಾರದೆಂದು ಒಪ್ಪಿಕೊಂಡಿದ್ದರು ಎಂಬುದನ್ನು 1972ರ ತಮ್ಮ ಪುಸ್ತಕದಲ್ಲಿ ದಾಖಲಿಸಿದರು. ಪ್ರಶ್ನಾವಳಿಯನ್ನು ಕ್ಷೇತ್ರಕ್ಕಿಳಿಸುವ ಮೊದಲು ಪರೀಕ್ಷಿಸಬೇಕೆಂಬ ಒತ್ತಾಯದ ಹಿಂದೆ ಈ ಅನುಭವವಿದೆ.

ಕ್ಷೇತ್ರದ ಸ್ವರೂಪ

ರಾಯಚೂರು ಜಿಲ್ಲೆಯ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ನದಿಗಳ ನಡುವಿನ ನೆಲವಾದರೂ ಕುಡಿಯುವ ನೀರಿನ ಮೂಲ ಊರಿನಿಂದ ಊರಿಗೆ ಬದಲಾಗುತ್ತದೆ. ರಾಯಚೂರು ನಗರಕ್ಕೆ ಕೃಷ್ಣೆಯಿಂದಲೂ, ತುಂಗಭದ್ರಾ ಎಡದಂಡೆ ಕಾಲುವೆಯಿಂದ ತುಂಬುವ ರಾಂಪುರ ಕೆರೆಯಿಂದಲೂ ನಳದ ನೀರು ಬರುತ್ತದೆ. ಮಾನ್ವಿ ಕಡೆಯ ಅನೇಕ ಊರುಗಳು ಅದೇ ಎಡದಂಡೆ ಕಾಲುವೆಯಿಂದ ತುಂಬಿಸಿದ ಕೆರೆಗಳನ್ನು ನೆಚ್ಚಿಕೊಂಡಿವೆ. ಕಾಲುವೆಗೆ ನೀರು ನಿಂತ ಬೇಸಿಗೆಯಲ್ಲಿ ಕೆರೆಯ ತಳದ ನೀರೇ ಗತಿ. ದೇವದುರ್ಗ ತಾಲ್ಲೂಕಿನಲ್ಲಿ ಕೊಳವೆಬಾವಿಗಳ ಪಾಲು ಹೆಚ್ಚು. ಊರಿನಿಂದ ದೂರ ಹೊಲಗಳ ನಡುವೆ ಚದುರಿರುವ ದೊಡ್ಡಿಗಳು ಮತ್ತು ತಾಂಡಾಗಳು ಅಲ್ಲಿನ ವಿಶೇಷ.

ವಿಷಯದ ತುರ್ತು ಇತ್ತೀಚಿನದು. 2022ರ ಮೇ–ಜೂನ್‌ನಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನಳದ ನೀರಿನಿಂದ ಅನೇಕರು ವಾಂತಿಭೇದಿಗೆ ತುತ್ತಾಗಿ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಮರುವರ್ಷ ಮೇ ತಿಂಗಳಲ್ಲಿ ದೇವದುರ್ಗ ತಾಲ್ಲೂಕಿನ ರೇಕಲಮರಡಿಯಲ್ಲಿ ಇಂಥದೇ ಪ್ರಕರಣ ವರದಿಯಾಯಿತು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ. 60ರ ಸಮೀಪ, ಹೆಂಗಸರಲ್ಲಿ ಅದಕ್ಕಿಂತ ಕಡಿಮೆ. ಮನೆಯ ನೀರು ತುಂಬುವವರು, ಕಾಯಿಸುವವರು ಹೆಚ್ಚಾಗಿ ಹೆಂಗಸರೇ. ಆದುದರಿಂದ ಇಲ್ಲಿನ ಪ್ರಶ್ನಾವಳಿ ಜನ ಓದಿ ತುಂಬುವ ಹಾಳೆಯಾಗಲು ಬರುವುದಿಲ್ಲ. ಒಬ್ಬರು ಬಾಯಲ್ಲಿ ಕೇಳಿ ಗುರುತು ಹಾಕಿಕೊಳ್ಳುವ ಹಾಳೆಯಾಗಬೇಕು. ಅದರ ವಾಕ್ಯಗಳು ಕಿವಿಗೆ ಒಪ್ಪುವಂತಿರಬೇಕು.

ಪ್ರಶ್ನೆಗಳ ರಚನೆ

ಮೊದಲ ಹೆಜ್ಜೆ ಪ್ರಶ್ನೆ ಬರೆಯುವುದಲ್ಲ, ಸಮೀಕ್ಷೆ ಮುಗಿದ ಮೇಲೆ ಯಾವ ತೀರ್ಮಾನ ಕೈಗೊಳ್ಳಬೇಕಿದೆ ಎಂದು ಪಟ್ಟಿ ಮಾಡುವುದು. ಆಶಾ ಕಾರ್ಯಕರ್ತೆಯರು ಹಂಚುವ ಓಆರ್‌ಎಸ್ ಪಾಕೀಟನ್ನು ಮನೆಯವರು ಸರಿಯಾಗಿ ಕಲಸುತ್ತಾರೆಯೇ, ನೀರಿಗೆ ಕ್ಲೋರಿನ್ ಹಾಕಲು ಅಡ್ಡಿ ಯಾವುದು, ಮಗುವಿಗೆ ಭೇದಿಯಾದಾಗ ಮೊದಲು ಎಲ್ಲಿಗೆ ಒಯ್ಯುತ್ತಾರೆ ಎಂಬಂಥ ಐದಾರು ತೀರ್ಮಾನಗಳು ಸಾಕು. ಪ್ರತಿ ಪ್ರಶ್ನೆಯೂ ಇವುಗಳಲ್ಲೊಂದಕ್ಕೆ ಸೇರಬೇಕು, ಸೇರದಿದ್ದರೆ ಕೈಬಿಡಬೇಕು. ಆಮೇಲೆ ನಳದ ಬಳಿ, ಅಂಗನವಾಡಿಯಲ್ಲಿ, ದೊಡ್ಡಿಯಲ್ಲಿ ಕೆಲವು ಗುಂಪು ಮಾತುಕತೆಗಳು ನಡೆಯಬೇಕು. ಜನ ಬಳಸುವ ಪದಗಳೂ, ಬರೆಯುವವರಿಗೆ ಹೊಳೆಯದ ಉತ್ತರಗಳೂ ಸಿಗುವುದು ಅಲ್ಲಿ.

ಅರಿವಿನ ಭಾಗದಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಸರಿ ಉತ್ತರ ಯಾವುದೆಂದು ನಿಗದಿ ಮಾಡುವುದು. ಬೇರೆಡೆಯ ಪ್ರಶ್ನಾವಳಿಯಿಂದ ಎತ್ತಿಕೊಂಡ ‘ನೀರನ್ನು ಕುದಿಸಿದರೆ ಕುಡಿಯಲು ಸುರಕ್ಷಿತ’ ಎಂಬ ವಾಕ್ಯಕ್ಕೆ ‘ಸರಿ’ ಎಂಬುದೇ ಉತ್ತರವೆಂದು ಸಾಮಾನ್ಯವಾಗಿ ಗುರುತಿಸಿರುತ್ತಾರೆ. ರಾಯಚೂರು ಜಿಲ್ಲೆಯಲ್ಲಿ ಅದು ಪೂರ್ತಿ ಸರಿಯಲ್ಲ. ಇಲ್ಲಿನ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಕೆಲವು ಕಡೆ ಆರ್ಸೆನಿಕ್ ಕೂಡ ಕಂಡುಬಂದಿದೆ. ಕುದಿಸುವುದರಿಂದ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ತುಸು ಏರುತ್ತದೆ. ಕೊಳವೆಬಾವಿಯ ನೀರು ಕುಡಿಯುವ ದೇವದುರ್ಗದ ಹೆಂಗಸು ‘ಕಾಯಿಸಿದ್ರ ಎಲ್ಲಾ ಹೋಗಂಗಿಲ್ರೀ’ ಎಂದರೆ ಆಕೆಗೆ ನಿಜ ಗೊತ್ತಿದೆ, ಹಾಳೆ ಮಾತ್ರ ಸೊನ್ನೆ ಕೊಡುತ್ತದೆ. ಇದನ್ನು ಎರಡು ಪ್ರಶ್ನೆಗಳಾಗಿ ಒಡೆಯಬೇಕು: ಕುದಿಸಿದರೆ ವಾಂತಿಭೇದಿ ತರುವ ಕ್ರಿಮಿಗಳು ಸಾಯುತ್ತವೆಯೇ? ಕುದಿಸಿದರೆ ಹಲ್ಲು ಹಳದಿಯಾಗಿಸುವ, ಮೊಣಕಾಲು ನೋಯಿಸುವ ಫ್ಲೋರೈಡ್ ಹೋಗುತ್ತದೆಯೇ? ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂಬುದು ಉತ್ತರ. ‘ಗೊತ್ತಿಲ್ಲ’ ಎಂಬ ಆಯ್ಕೆಯನ್ನೂ ಕೊಡಬೇಕು. ಅದಿಲ್ಲದೆ ಹೌದು, ಇಲ್ಲ ಎರಡೇ ಇದ್ದರೆ ಏನೂ ತಿಳಿಯದವರೂ ಊಹೆಯಿಂದಲೇ ಅರ್ಧ ಅಂಕ ಗಳಿಸುತ್ತಾರೆ.

ಕೆಲವು ಅರಿವನ್ನು ಬಾಯಲ್ಲಿ ಕೇಳುವುದಕ್ಕಿಂತ ಮಾಡಿ ತೋರಿಸಿರೆಂದು ಕೇಳುವುದು ಮೇಲು. ಒಂದು ದೊಡ್ಡ ಓಆರ್‌ಎಸ್ ಪಾಕೀಟಿಗೆ ಒಂದು ಲೀಟರ್ ನೀರು ಎಂದು ಬಾಯಿಪಾಠ ಹೇಳುವವರು ಬಹಳ. ‘ನಿಮ್ಮ ಮನ್ಯಾಗಿನ ಪಾತ್ರಿಯೊಳಗ ಎಷ್ಟು ನೀರು ಹಾಕ್ತೀರಿ, ತೋರಸ್ರಿ’ ಎಂದು ಕೇಳಿ, ಅವರು ತುಂಬಿದ ನೀರನ್ನು ಅಳತೆ ಮಗ್ಗಿನಲ್ಲಿ ನೋಡಿದರೆ ನಿಜ ತಿಳಿಯುತ್ತದೆ. ನೀರು ಕಡಿಮೆಯಾದರೆ ದ್ರಾವಣ ಉಪ್ಪಾಗಿ ಮಗುವಿಗೆ ಅಪಾಯ, ಹೆಚ್ಚಾದರೆ ಉಪಯೋಗ ಕಡಿಮೆ. ಎಷ್ಟು ಮಿಲಿಲೀಟರ್ ಹೆಚ್ಚುಕಡಿಮೆಯಾದರೂ ಸರಿ ಎಂದು ಒಪ್ಪಬೇಕೆಂಬುದನ್ನು ಮೊದಲೇ ನಿಗದಿ ಮಾಡಿಕೊಂಡಿರಬೇಕು.

ಮನೋಭಾವದ ಭಾಗದಲ್ಲಿ 1932ರಲ್ಲಿ ರೆನ್ಸಿಸ್ ಲೈಕರ್ಟ್ ರೂಪಿಸಿದ ಐದು ಮೆಟ್ಟಿಲ ಮಾಪಕ, ಅಂದರೆ ‘ಪೂರ್ತಿ ಒಪ್ಪುತ್ತೇನೆ’ಯಿಂದ ‘ಸ್ವಲ್ಪವೂ ಒಪ್ಪುವುದಿಲ್ಲ’ದವರೆಗಿನ ಶ್ರೇಣಿ, ಎಲ್ಲೆಡೆ ಬಳಕೆಯಲ್ಲಿದೆ. ಓದುಬರಹ ಬಾರದವರಿಗೆ ಐದು ಆಯ್ಕೆಗಳನ್ನು ಓದಿ ಹೇಳಿದರೆ ಕೊನೆಯದಷ್ಟೇ ನೆನಪಿನಲ್ಲಿ ಉಳಿಯುತ್ತದೆ. ಎರಡು ಹೆಜ್ಜೆಯಲ್ಲಿ ಕೇಳುವುದು ಸುಲಭ: ಮೊದಲು ಒಪ್ಪುತ್ತೀರೋ ಇಲ್ಲವೋ, ಆಮೇಲೆ ಪೂರ್ತಿಯೋ ಸ್ವಲ್ಪವೋ. ಇನ್ನೊಂದು ತೊಡಕು ಹೂಂಗುಟ್ಟುವುದು. ಕಚೇರಿಯಿಂದ ಬಂದವರಂತೆ ಕಾಣುವ ವ್ಯಕ್ತಿ ಏನೇ ಹೇಳಿದರೂ ‘ಹೌದ್ರಿ’ ಎನ್ನುವುದು ಮರ್ಯಾದೆಯ ರೂಢಿ. ಇದನ್ನು ಪತ್ತೆಹಚ್ಚಲು ಅರ್ಧದಷ್ಟು ವಾಕ್ಯಗಳು ತಿರುಗುಮುರುಗಾಗಿರಬೇಕು. ಆದರೆ ನಕಾರದ ಮೇಲೆ ನಕಾರ ಹೇರಬಾರದು. ‘ಕ್ಲೋರಿನ್ ಹಾಕದ ನೀರು ಕುಡಿಯುವುದು ಸರಿಯಲ್ಲ’ ಎಂಬುದಕ್ಕೆ ‘ಇಲ್ಲ’ ಎಂದರೆ ಏನರ್ಥವೆಂದು ಕೇಳಿದವರಿಗೇ ತಿಳಿಯದು. ‘ಕ್ಲೋರಿನ್ ಹಾಕಿದ ನೀರಿನ ವಾಸನಿ ಕುಡ್ಯಾಕ ಬಿಡಂಗಿಲ್ಲ’ ಎಂಬ ನೇರ ವಾಕ್ಯ ಅದೇ ಕೆಲಸ ಮಾಡುತ್ತದೆ.

ರೂಢಿಯ ಭಾಗದಲ್ಲಿ ‘ನೀವು ನೀರು ಶುದ್ಧ ಮಾಡಿ ಕುಡಿಯುತ್ತೀರಾ?’ ಎಂದು ಕೇಳಬಾರದು. ಅದಕ್ಕೆ ಸಿಗುವುದು ಒಳ್ಳೆಯ ಗೃಹಿಣಿಯ ಉತ್ತರ. ‘ನಿನ್ನಿ ಕುಡ್ಯಾಕ ನೀರು ಎಲ್ಲಿಂದ ತಂದ್ರಿ? ತಂದ ಮ್ಯಾಲೆ ಆ ನೀರಿಗೆ ಏನರ ಮಾಡಿದ್ರ್ಯಾ?’ ಎಂದು ನಿನ್ನೆಗೆ ಸೀಮಿತವಾಗಿ ಕೇಳಬೇಕು. ಮನೆಗೆ ಎರಡು ಮೂರು ಮೂಲಗಳಿರುತ್ತವೆ. ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್, ಅಡುಗೆಗೆ ನಳ, ನಳ ಬಾರದ ದಿನ ಕೊಳವೆಬಾವಿ. ಹೊಲಕ್ಕೆ ಹೋದಾಗ ಕಾಲುವೆಯ ನೀರನ್ನೇ ಕುಡಿಯುವವರೂ ಇದ್ದಾರೆ. ಒಂದೇ ಮೂಲಕ್ಕೆ ಗುರುತು ಹಾಕುವ ಹಾಳೆ ಇದನ್ನೆಲ್ಲ ಅಳಿಸಿಹಾಕುತ್ತದೆ. ಭೇದಿಯ ಬಗ್ಗೆ ಐದು ವರ್ಷದೊಳಗಿನ ಮಕ್ಕಳಿಗೆ ಕಳೆದ ಎರಡು ವಾರದಲ್ಲಿ ಆಗಿತ್ತೇ ಎಂದು ಕೇಳುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕ್ರಮ. ಅದನ್ನೇ ಉಳಿಸಿಕೊಂಡರೆ ಹೋಲಿಕೆ ಸಾಧ್ಯ.

ಭಾಗಗಳ ಕ್ರಮವೂ ಮುಖ್ಯ. ಹೆಸರಿನಲ್ಲಿ ಅರಿವು ಮೊದಲಿದ್ದರೂ ಹಾಳೆಯಲ್ಲಿ ರೂಢಿ ಮೊದಲು ಬರಬೇಕು. ಕುದಿಸುವುದು, ಮುಚ್ಚಿಡುವುದು, ಕೈ ತೊಳೆಯುವುದು ಎಂದು ಹತ್ತು ಪ್ರಶ್ನೆ ಕೇಳಿದ ಮೇಲೆ ‘ನಿನ್ನೆ ಏನು ಮಾಡಿದಿರಿ’ ಎಂದರೆ ಉತ್ತರವನ್ನು ನಾವೇ ಹೇಳಿಕೊಟ್ಟಂತೆ.

ಭಾಷೆ

ಪ್ರಶ್ನಾವಳಿ ಮೊದಲು ಇಂಗ್ಲಿಷಿನಲ್ಲಿ ಸಿದ್ಧವಾಗಿದ್ದರೆ ಒಬ್ಬರು ಕನ್ನಡಕ್ಕೆ ತರುವುದು, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ಒಯ್ಯುವುದು, ಎರಡನ್ನೂ ಹೋಲಿಸುವುದು 1970ರಲ್ಲಿ ರಿಚರ್ಡ್ ಬ್ರಿಸ್ಲಿನ್ ವಿವರಿಸಿದ ಕ್ರಮ. ಇದು ಅಗತ್ಯ, ಆದರೆ ಇದರ ಮಿತಿ ರಾಯಚೂರಿನಲ್ಲಿ ಬೇಗ ತಿಳಿಯುತ್ತದೆ. ‘ಅತಿಸಾರ’ ಎಂಬ ಗ್ರಾಂಥಿಕ ಪದ ಮರು ಅನುವಾದದಲ್ಲಿ ಚೆನ್ನಾಗಿಯೇ ಹೊಂದುತ್ತದೆ, ಏಕೆಂದರೆ ಎರಡೂ ಕಡೆಯ ಅನುವಾದಕರು ಓದಿದವರು. ಮನೆಯಲ್ಲಿ ಜನ ಹೇಳುವುದು ‘ಸಂಡಾಸ ಹತ್ತೋದು’, ‘ವಾಂತಿಭೇದಿ’ ಎಂದು. ಹೀಗಾಗಿ ಹಾಳೆಯಲ್ಲಿ ಜನರ ಮಾತಿನ ಜೊತೆಗೆ ‘ಒಂದು ದಿನದಾಗ ಮೂರು ಸಲ ಅಥವಾ ಹೆಚ್ಚು ನೀರಿನಂಗ ಹೋಗೋದು’ ಎಂಬ ವಿವರಣೆಯೂ ಇರಬೇಕು. ನಗರದಲ್ಲಿ ಉರ್ದು ಮತ್ತು ತೆಲುಗು, ತಾಂಡಾಗಳಲ್ಲಿ ಲಂಬಾಣಿ ಮಾತಾಡುವ ಮನೆಗಳಿವೆ. ಸಂದರ್ಶಕರು ಬಾಗಿಲಲ್ಲಿ ನಿಂತು ತಮಗೆ ತೋಚಿದಂತೆ ಅನುವಾದಿಸಿದರೆ ಒಂದೊಂದು ಮನೆಯಲ್ಲಿ ಒಂದೊಂದು ಪ್ರಶ್ನೆಯಾಗುತ್ತದೆ. ಆ ಭಾಷೆಗಳ ವಾಕ್ಯಗಳನ್ನೂ ಮೊದಲೇ ನಿಗದಿ ಮಾಡಿ ಬರೆದಿಟ್ಟುಕೊಳ್ಳಬೇಕು, ಕನ್ನಡ ಲಿಪಿಯಲ್ಲಾದರೂ ಸರಿ.

ತಜ್ಞರ ಪರಿಶೀಲನೆ

ಪ್ರಶ್ನೆಗಳು ವಿಷಯವನ್ನು ಸರಿಯಾಗಿ ಆವರಿಸುತ್ತವೆಯೇ ಎಂದು ನೋಡುವುದು ವಿಷಯ ಸಪ್ರಮಾಣತೆ. ಆರು ತಜ್ಞರ ಗುಂಪನ್ನು ತೆಗೆದುಕೊಳ್ಳೋಣ: ಸಮುದಾಯ ವೈದ್ಯಶಾಸ್ತ್ರದ ಇಬ್ಬರು, ನೀರು ಪರೀಕ್ಷಾ ಪ್ರಯೋಗಾಲಯದವರು ಒಬ್ಬರು, ಗ್ರಾಮೀಣ ನೀರು ಸರಬರಾಜಿನ ಎಂಜಿನಿಯರ್ ಒಬ್ಬರು, ಆಶಾ ಮೇಲ್ವಿಚಾರಕಿ ಒಬ್ಬರು, ಸಂಖ್ಯಾಶಾಸ್ತ್ರಜ್ಞರು ಒಬ್ಬರು. ಪ್ರತಿಯೊಬ್ಬರೂ ಪ್ರತಿ ಪ್ರಶ್ನೆಗೂ ಅದು ಎಷ್ಟು ಪ್ರಸ್ತುತ ಎಂದು 1ರಿಂದ 4ರವರೆಗೆ ಅಂಕ ಕೊಡುತ್ತಾರೆ. 3 ಅಥವಾ 4 ಕೊಟ್ಟವರ ಪ್ರಮಾಣವೇ ಆ ಪ್ರಶ್ನೆಯ ಸೂಚಿ. ಮೇರಿ ಲಿನ್ 1986ರಲ್ಲಿ ಮುಂದಿಟ್ಟ ಲೆಕ್ಕದ ಆಧಾರದ ಮೇಲೆ, ಆರು ಅಥವಾ ಹೆಚ್ಚು ತಜ್ಞರಿದ್ದಾಗ 0.78ಕ್ಕಿಂತ ಕಡಿಮೆ ಬಂದ ಪ್ರಶ್ನೆಯನ್ನು ತಿದ್ದಬೇಕು ಅಥವಾ ಬಿಡಬೇಕು. ಐವರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಲ್ಲರೂ ಒಪ್ಪಬೇಕು.

ಕುದಿಸುವ ಪ್ರಶ್ನೆಯ ಹಳೆಯ ರೂಪಕ್ಕೆ ನಾಲ್ವರು 4 ಕೊಟ್ಟು, ಪ್ರಯೋಗಾಲಯದವರು ಮತ್ತು ಎಂಜಿನಿಯರ್ 2 ಕೊಟ್ಟರೆ ಸೂಚಿ 4/6, ಅಂದರೆ 0.67. ಇಬ್ಬರು ಯಾಕೆ ಒಪ್ಪಲಿಲ್ಲ ಎಂಬ ಅವರ ಟಿಪ್ಪಣಿಯಲ್ಲೇ ಫ್ಲೋರೈಡಿನ ಮಾತು ಸಿಗುತ್ತದೆ. ಗುಂಪಿನಲ್ಲಿ ಆರೂ ಜನ ವೈದ್ಯರೇ ಆಗಿದ್ದರೆ ಸೂಚಿ 1.00 ಬಂದು ತಪ್ಪು ಪ್ರಶ್ನೆ ಉಳಿದುಕೊಳ್ಳುತ್ತಿತ್ತು. ಸೂಚಿಯ ಬೆಲೆ ತಜ್ಞರ ಸಂಖ್ಯೆಗಿಂತ ಅವರ ವೈವಿಧ್ಯವನ್ನು ಅವಲಂಬಿಸಿದೆ.

ಅರ್ಥಗ್ರಹಣದ ಸಂದರ್ಶನ

ತಜ್ಞರು ಒಪ್ಪಿದ ಪ್ರಶ್ನೆ ಜನರಿಗೆ ಅದೇ ಅರ್ಥ ಕೊಡುತ್ತದೆಂಬ ಖಾತ್ರಿಯಿಲ್ಲ. ಅದನ್ನು ನೋಡಲು ಮೂರೂ ಕಡೆ ತಲಾ ಎಂಟು ಹತ್ತು ಮಂದಿಯ ಜೊತೆ ಕುಳಿತು ಪ್ರಶ್ನೆ ಕೇಳಿ, ಉತ್ತರ ಬಂದ ಮೇಲೆ ‘ನಾ ಏನು ಕೇಳಿದೆ ಅಂತ ನಿಮಗ ಅನಿಸಿತು? ಆ ಉತ್ತರ ಹೆಂಗ ನೆನಪು ಮಾಡಿಕೊಂಡ್ರಿ?’ ಎಂದು ಕೆದಕಬೇಕು. ತೊಡಕು ನಾಲ್ಕು ಕಡೆ ಬರಬಹುದು: ಪ್ರಶ್ನೆ ತಿಳಿಯುವಲ್ಲಿ, ನೆನಪಿಸಿಕೊಳ್ಳುವಲ್ಲಿ, ಯಾವುದು ಹೇಳಲು ತಕ್ಕದ್ದು ಎಂದು ತೂಗುವಲ್ಲಿ, ಕೊಟ್ಟ ಆಯ್ಕೆಗೆ ಉತ್ತರವನ್ನು ಹೊಂದಿಸುವಲ್ಲಿ.

‘ಶುದ್ಧ ನೀರು’ ಎಂಬ ಮಾತು ಇಂಥದ್ದು. ನಗರದಲ್ಲಿ ಅದು ಘಟಕದಿಂದ ತರುವ ಫಿಲ್ಟರ್ ನೀರಿನ ಹೆಸರಾಗಿಬಿಟ್ಟಿರುತ್ತದೆ, ದೊಡ್ಡಿಯಲ್ಲಿ ತಿಳಿಯಾಗಿ ಕಾಣುವ ನೀರೆಲ್ಲ ಶುದ್ಧವೇ. ‘ನೀವು ಶುದ್ಧ ನೀರು ಕುಡಿಯುತ್ತೀರಾ’ ಎಂಬುದಕ್ಕೆ ಎರಡೂ ಕಡೆ ಬರುವ ‘ಹೌದು’ ಬೇರೆಬೇರೆ ಸಂಗತಿಗಳು. ಆ ಪದವನ್ನೇ ತೆಗೆದು, ನೀರು ಎಲ್ಲಿಂದ ಬಂತು, ಅದಕ್ಕೆ ಏನು ಮಾಡಿದರು ಎಂದು ಕೇಳಬೇಕು. ಒಂದು ಸುತ್ತು ಮುಗಿದ ಮೇಲೆ ತಿದ್ದಿ, ಹೊಸಬರ ಜೊತೆ ಇನ್ನೊಂದು ಸುತ್ತು ಮಾಡಬೇಕು. ಹೊಸ ತೊಡಕು ಕಾಣದಾದಾಗ ನಿಲ್ಲಿಸಬಹುದು.

ಪ್ರಾಯೋಗಿಕ ಸಮೀಕ್ಷೆ ಮತ್ತು ಅರಿವಿನ ಪ್ರಶ್ನೆಗಳ ಸೋಸುವಿಕೆ

ಮುಂದಿನದು ಸಣ್ಣ ಪ್ರಮಾಣದ ಪ್ರಾಯೋಗಿಕ ಸಮೀಕ್ಷೆ. ಮುಖ್ಯ ಸಮೀಕ್ಷೆಗೆ ಆಯ್ಕೆಯಾಗದ ವಾರ್ಡು, ಹಳ್ಳಿಗಳಲ್ಲಿ ಇದು ನಡೆಯಬೇಕು. ತಲಾ 20ರಂತೆ 60 ಮನೆಗಳಲ್ಲಿ ಕೇಳಿದೆವು ಎನ್ನೋಣ. ‘ಹೊಲಸು ನೀರಿನಿಂದ ರೋಗ ಬರುತ್ತದೆ’ ಎಂಬುದಕ್ಕೆ 57 ಮಂದಿ ಸರಿ ಉತ್ತರ ಕೊಟ್ಟರೆ ಅದರ ಸುಲಭತೆ 0.95. ಎಲ್ಲರಿಗೂ ಗೊತ್ತಿರುವ ಸಂಗತಿಯಿಂದ ತಿಳಿದವರು, ತಿಳಿಯದವರು ಯಾರೆಂದು ಬೇರ್ಪಡುವುದಿಲ್ಲ. ಅಂಥ ಪ್ರಶ್ನೆಗಳು ಹೆಚ್ಚಿದಷ್ಟೂ ‘ಅರಿವು ಉತ್ತಮವಾಗಿದೆ’ ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಓಆರ್‌ಎಸ್‌ಗೆ ನೀರಿನ ಅಳತೆಯ ಪ್ರಶ್ನೆ ಬೇರೆ ಬಗೆ. ಒಟ್ಟು ಅಂಕದಲ್ಲಿ ಮೇಲಿನ 20 ಮಂದಿಯಲ್ಲಿ 15 ಮಂದಿ, ಕೆಳಗಿನ 20ರಲ್ಲಿ 6 ಮಂದಿ ಸರಿ ಹೇಳಿದರೆ ಬೇರ್ಪಡಿಸುವ ಶಕ್ತಿ (15 − 6)/20, ಅಂದರೆ 0.45. ಇದು ಉಳಿಯತಕ್ಕ ಪ್ರಶ್ನೆ. ಸಂಖ್ಯೆ ಋಣಾತ್ಮಕವಾದರೆ, ಅಂದರೆ ಹೆಚ್ಚು ತಿಳಿದವರೇ ಹೆಚ್ಚು ತಪ್ಪುತ್ತಿದ್ದರೆ, ಉತ್ತರಪಟ್ಟಿಯಲ್ಲೇ ದೋಷವಿರಬಹುದು. ಕುದಿಸುವ ಹಳೆಯ ಪ್ರಶ್ನೆ ಅಕಸ್ಮಾತ್ ಇಲ್ಲಿಯವರೆಗೆ ಉಳಿದು ಬಂದಿದ್ದರೆ ಸಿಕ್ಕಿಬೀಳುವುದು ಹೀಗೆ.

ಸುಲಭವಾದರೂ ಕಾರ್ಯಕ್ರಮಕ್ಕೆ ಅಗತ್ಯವಾದ ಪ್ರಶ್ನೆಯನ್ನು ಅಂಕದಿಂದ ಹೊರಗಿಟ್ಟು ಹಾಳೆಯಲ್ಲಿ ಉಳಿಸಿಕೊಳ್ಳಲು ಅಡ್ಡಿಯಿಲ್ಲ.

ಮನೋಭಾವದ ವಿಶ್ವಸನೀಯತೆ

ಒಂದೇ ಮನೋಭಾವವನ್ನು ಅಳೆಯುವ ವಾಕ್ಯಗಳಿಗೆ ಒಬ್ಬ ವ್ಯಕ್ತಿ ಕೊಡುವ ಉತ್ತರಗಳು ಒಂದಕ್ಕೊಂದು ಹೊಂದಬೇಕು. ಈ ಒಳಹೊಂದಿಕೆಯನ್ನು ಲೀ ಕ್ರಾನ್‌ಬಾಕ್ 1951ರಲ್ಲಿ ಕೊಟ್ಟ ಆಲ್ಫಾ ಎಂಬ ಸಂಖ್ಯೆಯಿಂದ ಅಳೆಯುತ್ತಾರೆ. 0.70 ಅಥವಾ ಹೆಚ್ಚಿದ್ದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಇಪ್ಪತ್ತು ಮನೆಗಳ ಉತ್ತರದಿಂದ ಬರುವ ಆಲ್ಫಾ ಅಸ್ಥಿರವಾದ್ದರಿಂದ ಈ ಭಾಗದ ಪರೀಕ್ಷೆಗೆ ಪ್ರತಿ ಸ್ಥಳದಲ್ಲೂ ನೂರರ ಆಸುಪಾಸು ಮಂದಿ ಬೇಕಾಗುತ್ತದೆ.

ಇಲ್ಲಿ ಎರಡು ತಪ್ಪುಗಳು ಪದೇಪದೇ ಆಗುತ್ತವೆ. ಮೊದಲನೆಯದು, ಮೂರೂ ಭಾಗದ ಎಲ್ಲ ಪ್ರಶ್ನೆಗಳನ್ನೂ ಸೇರಿಸಿ ಒಂದೇ ಆಲ್ಫಾ ಲೆಕ್ಕ ಹಾಕುವುದು. ರೂಢಿಗಳು ಒಂದಕ್ಕೊಂದು ಹೊಂದಲೇಬೇಕೆಂಬ ನಿಯಮವಿಲ್ಲ. ಫಿಲ್ಟರ್ ನೀರು ತರುವ ಮನೆ ನೀರು ಕುದಿಸದೇ ಇರಬಹುದು, ಅದರಲ್ಲಿ ಅಸಂಗತವೇನಿಲ್ಲ. ಅಂಥ ಭಾಗಕ್ಕೆ ಆಲ್ಫಾ ಕಡಿಮೆ ಬಂದರೆ ಅದು ಪ್ರಶ್ನೆಗಳ ದೋಷವಲ್ಲ, ಅದನ್ನು ಏರಿಸಲೆಂದು ಪ್ರಶ್ನೆ ಕಿತ್ತರೆ ರೂಢಿಯ ಚಿತ್ರವೇ ಅರೆಯಾಗುತ್ತದೆ. ಎರಡನೆಯದು, ಮೂರು ಸ್ಥಳಗಳ ಉತ್ತರಗಳನ್ನು ಒಟ್ಟುಗೂಡಿಸುವುದು. ಒಟ್ಟು ಆಲ್ಫಾ 0.70 ಇದ್ದು, ಬಿಡಿಯಾಗಿ ರಾಯಚೂರಿನಲ್ಲಿ 0.78, ಮಾನ್ವಿಯಲ್ಲಿ 0.72, ದೇವದುರ್ಗದಲ್ಲಿ 0.41 ಬಂದರೆ ದೇವದುರ್ಗದ ಅಂಕಗಳನ್ನು ನಂಬುವಂತಿಲ್ಲ. ತಿರುಗುಮುರುಗು ವಾಕ್ಯಗಳಿಗೂ ನೇರ ವಾಕ್ಯಗಳಿಗೂ ಅಲ್ಲಿ ‘ಹೌದು’ ಬಂದಿದೆಯೇ ಎಂದು ಮೊದಲು ನೋಡಬೇಕು. ಬಂದಿದ್ದರೆ ಕಾರಣ ಹೂಂಗುಟ್ಟುವಿಕೆ. ಆಗ ವಾಕ್ಯಗಳ ಬದಲು ಸಣ್ಣ ಸನ್ನಿವೇಶ ಹೇಳಿ ಕೇಳುವುದು ಒಂದು ಪರಿಹಾರ: ಒಬ್ಬಾಕೆ ವಾಸನೆಯೆಂದು ಕ್ಲೋರಿನ್ ಹಾಕುವುದಿಲ್ಲ, ಪಕ್ಕದ ಮನೆಯಾಕೆ ಹಾಕುತ್ತಾಳೆ, ನೀವು ಯಾರ ಥರ? ಇಬ್ಬರಲ್ಲಿ ಒಬ್ಬರನ್ನು ಆರಿಸಲೇಬೇಕಾದ್ದರಿಂದ ಬರಿಯ ‘ಹೌದು’ ನಡೆಯುವುದಿಲ್ಲ.

ರೂಢಿಯನ್ನು ಕಂಡದ್ದಕ್ಕೆ ಹೋಲಿಸುವುದು

ಪ್ರಶ್ನಾವಳಿಯ ಅತ್ಯಂತ ದುರ್ಬಲ ಭಾಗ ಇದೇ, ಪರೀಕ್ಷೆಗೆ ಒಳ್ಳೆಯ ಅವಕಾಶವಿರುವುದೂ ಇಲ್ಲೇ. ಪ್ರಾಯೋಗಿಕ ಹಂತದಲ್ಲಿ ಕೆಲವು ಮನೆಗಳಲ್ಲಿ ಉತ್ತರ ಬರೆದುಕೊಂಡ ಮೇಲೆ ‘ಒಂದು ಗ್ಲಾಸ್ ಕುಡಿಯೋ ನೀರು ಕೊಡ್ತೀರೇನ್ರಿ?’ ಎಂದು ಕೇಳಿ ನೋಡಬಹುದು. ಕೊಡ ಮುಚ್ಚಿದೆಯೇ, ನೀರನ್ನು ಹಿಡಿಕೆಯ ಸೌಟಿನಿಂದ ತೆಗೆದರೋ ಕೈ ಅದ್ದಿ ಗ್ಲಾಸಿನಿಂದ ಮೊಗೆದರೋ ಎಂಬುದು ಕಾಣುತ್ತದೆ. ಕ್ಲೋರಿನ್ ಹಾಕುತ್ತೇವೆ ಎಂದವರ ನೀರಿನಲ್ಲಿ ಉಳಿಕೆ ಕ್ಲೋರಿನ್ ಇದೆಯೇ ಎಂದು ಬಣ್ಣ ಬದಲಿಸುವ ಕಿಟ್‌ನಿಂದ ಕೆಲವೇ ನಿಮಿಷದಲ್ಲಿ ನೋಡಬಹುದು. ಭಾರತೀಯ ಮಾನಕದ ಪ್ರಕಾರ ಕ್ಲೋರಿನ್ ಬೆರೆಸಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು.

ಕೊಳವೆಬಾವಿಯ ನೀರು ಬಳಸುವ 40 ಮನೆಗಳನ್ನು ತೆಗೆದುಕೊಳ್ಳೋಣ. ‘ನಿನ್ನೆ ಕ್ಲೋರಿನ್ ಹಾಕಿದ್ದೆವು’ ಎಂದವರು 24. ಅವರಲ್ಲಿ ಗುಳಿಗೆ ಅಥವಾ ಬಾಟಲಿ ತಂದು ತೋರಿಸಿದವರು 15, ನೀರಿನಲ್ಲಿ ಕ್ಲೋರಿನ್ ಕಂಡದ್ದು 10 ಮನೆಗಳಲ್ಲಿ. ಹಾಕಿಲ್ಲ ಎಂದ 16 ಮನೆಗಳಲ್ಲಿ ಒಂದರಲ್ಲೂ ಕಾಣಲಿಲ್ಲ. ಬಾಯಿಮಾತಿನ ರೂಢಿ ಶೇ. 60, ಕಂಡ ರೂಢಿ ಶೇ. 25. ಮಾತು ಮತ್ತು ಕಿಟ್ ಒಪ್ಪಿದ್ದು 26 ಮನೆಗಳಲ್ಲಿ, ಅಂದರೆ 0.65. ಆದರೆ ಕಣ್ಣುಮುಚ್ಚಿ ಹೇಳಿದರೂ ಸ್ವಲ್ಪ ಒಪ್ಪಿಗೆ ಬಂದೇ ಬರುತ್ತದೆ. ಆ ಆಕಸ್ಮಿಕ ಪಾಲನ್ನು ಕಳೆಯುವ ಅಳತೆಯೇ ಜೇಕಬ್ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ:

κ = (Po − Pe) / (1 − Pe)

ಇಲ್ಲಿ Po ಎಂದರೆ ಕಂಡ ಒಪ್ಪಿಗೆ 0.65. Pe ಎಂದರೆ ಆಕಸ್ಮಿಕ ಒಪ್ಪಿಗೆ: ಎರಡೂ ‘ಹೌದು’ ಆಗುವ ಸಂಭವ 0.60 × 0.25, ಎರಡೂ ‘ಇಲ್ಲ’ ಆಗುವ ಸಂಭವ 0.40 × 0.75, ಒಟ್ಟು 0.45. ಕಪ್ಪಾ 0.20/0.55, ಸುಮಾರು 0.36. ಇದು ದುರ್ಬಲ ಒಪ್ಪಿಗೆ. ಇದನ್ನು ಕಂಡ ಮೇಲೆ ಬಾಯಿಮಾತಿನ ಪ್ರಶ್ನೆಯನ್ನಷ್ಟೇ ನೆಚ್ಚದೆ ‘ಹಾಕುವ ಗುಳಿಗೆಯನ್ನು ತೋರಿಸುವಿರಾ’ ಎಂಬ ಎರಡನೆಯ ಹೆಜ್ಜೆಯನ್ನು ಮುಖ್ಯ ಸಮೀಕ್ಷೆಗೆ ಸೇರಿಸಬೇಕು.

ಕಿಟ್ ಕೂಡ ಅಂತಿಮ ಸತ್ಯವಲ್ಲ. ಹಾಕಿದ ಕ್ಲೋರಿನ್ ಬಿಸಿಲಿಗೆ, ಸಾವಯವ ಕೊಳೆಗೆ, ಕಾಲಕ್ಕೆ ಕರಗುತ್ತದೆ. ನಿನ್ನೆ ಬೆಳಿಗ್ಗೆ ಹಾಕಿದ್ದು ಇಂದು ಕಾಣದಿರಬಹುದು, ಅದರಿಂದ ಆಕೆ ಸುಳ್ಳು ಹೇಳಿದಳೆಂದು ಆಗದು. ಇದಕ್ಕೆ ವಿರುದ್ಧವಾಗಿ, ನಗರದ ನಳದ ನೀರಿಗೆ ಸರಬರಾಜಿನಲ್ಲೇ ಕ್ಲೋರಿನ್ ಬೆರೆಸಿರುತ್ತಾರೆ, ಮನೆಯವರು ಏನೂ ಮಾಡದಿದ್ದರೂ ಕಿಟ್ ಬಣ್ಣ ತೋರಿಸುತ್ತದೆ. ಈ ಪರೀಕ್ಷೆ ದೇವದುರ್ಗದ ಕೊಳವೆಬಾವಿ ಮನೆಗಳಿಗೆ ಹೊಂದುತ್ತದೆ, ರಾಯಚೂರಿನ ನಳದ ಮನೆಗಳಿಗೆ ಹೊಂದುವುದಿಲ್ಲ. ಅಲ್ಲಿ ಮುಚ್ಚಳ, ಸೌಟುಗಳ ವೀಕ್ಷಣೆಯನ್ನೇ ನೆಚ್ಚಬೇಕು.

ಕ್ಷೇತ್ರದಲ್ಲಿ ಕೆಡುವ ಬಗೆ

ಪರೀಕ್ಷಿಸಿದ ಪ್ರಶ್ನಾವಳಿಯೂ ಕೇಳುವವರಿಂದ ಕೆಡಬಹುದು. ಕ್ಲೋರಿನ್ ಗುಳಿಗೆ ಹಂಚಿದ ಆಶಾ ಕಾರ್ಯಕರ್ತೆಯೇ ಬಂದು ‘ಹಾಕ್ತೀರೇನು?’ ಎಂದು ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಊರಿಗೆ ದಾರಿ ತೋರಿಸಲು ಆಕೆಯ ನೆರವು ಬೇಕು, ಪ್ರಶ್ನೆ ಕೇಳಲು ಬೇರೆಯವರು ಬೇಕು. ಸೊಸೆಯನ್ನು ಕೇಳಿದ್ದಕ್ಕೆ ಅತ್ತೆ ಉತ್ತರ ಕೊಡುವುದು ಇನ್ನೊಂದು. ಉತ್ತರಿಸಿದವರು ಯಾರು, ಜೊತೆಗೆ ಯಾರಿದ್ದರು ಎಂಬುದಕ್ಕೆ ಹಾಳೆಯಲ್ಲಿ ಜಾಗವಿಟ್ಟರೆ ಮುಂದೆ ಬೇರ್ಪಡಿಸಿ ನೋಡಬಹುದು. ಸಂದರ್ಶಕರೊಬ್ಬರು ತಂದ ಹಾಳೆಗಳಲ್ಲಿ ಮಾತ್ರ ‘ಗೊತ್ತಿಲ್ಲ’ ಒಂದೂ ಇಲ್ಲದಿದ್ದರೆ ಅವರು ಉತ್ತರ ಹೇಳಿಕೊಡುತ್ತಿದ್ದಾರೆಂದು ಅನುಮಾನಿಸಬೇಕು. ಪ್ರತಿದಿನ ಸಂಜೆ ಹಾಳೆಗಳನ್ನು ಸಂದರ್ಶಕರವಾರು ನೋಡುವುದರಿಂದ ಇದು ಬೇಗ ತಿಳಿಯುತ್ತದೆ.

ಮನೆಗಳ ಆಯ್ಕೆಯಲ್ಲೂ ಈ ನೆಲಕ್ಕೇ ಸೇರಿದ ತೊಡಕುಗಳಿವೆ. ಊರಿನ ಪಟ್ಟಿಯಿಂದ ಮನೆ ಆರಿಸಿದರೆ ದೊಡ್ಡಿಗಳು ಬಿಟ್ಟುಹೋಗುತ್ತವೆ, ನೀರಿನ ಕಷ್ಟ ಹೆಚ್ಚಿರುವುದು ಅಲ್ಲೇ. ಸುಗ್ಗಿ ಮುಗಿದು ಜನ ಗುಳೆ ಹೋದ ತಿಂಗಳುಗಳಲ್ಲಿ ಬೀಗ ಹಾಕಿದ ಮನೆಗಳನ್ನು ಬಿಟ್ಟು ಪಕ್ಕದ ಮನೆ ಹಿಡಿದರೆ ಸಮೀಕ್ಷೆಯಲ್ಲಿ ಉಳ್ಳವರ ಪಾಲು ಏರುತ್ತದೆ. ಒಂದೇ ಕೊಳವೆಬಾವಿಯ ಸುತ್ತಲಿನ ಮನೆಗಳ ಉತ್ತರ ಒಂದೇ ಥರ ಇರುವುದರಿಂದ ಹತ್ತು ಮನೆ ಕೇಳಿದರೂ ಹತ್ತು ಮನೆಯ ಮಾಹಿತಿ ಸಿಗುವುದಿಲ್ಲ. ಸರಳ ಲೆಕ್ಕದಲ್ಲಿ ಶೇ. 50ರ ರೂಢಿಯನ್ನು 10 ಅಂಶ ಹೆಚ್ಚುಕಡಿಮೆಯೊಳಗೆ ಅಳೆಯಲು 96 ಮನೆ ಸಾಕು. ಹೀಗೆ ಗುಂಪುಗುಂಪಾಗಿ ಆರಿಸಿದಾಗ ಅದನ್ನು ದುಪ್ಪಟ್ಟು ಮಾಡಿ ಸುಮಾರು 192 ಮನೆ ಇಟ್ಟುಕೊಳ್ಳುವುದು ವಾಡಿಕೆ. ಮೂರು ಸ್ಥಳಗಳಿಗೆ ಬೇರೆಬೇರೆ ಫಲಿತಾಂಶ ಬೇಕಿದ್ದರೆ ಪ್ರತಿ ಸ್ಥಳಕ್ಕೂ ಅಷ್ಟು ಬೇಕು.

ಅಂಕ, ಅರ್ಥ ಮತ್ತು ಮಿತಿ

ಅರಿವಿಗೆ ಇಷ್ಟು, ಮನೋಭಾವಕ್ಕೆ ಇಷ್ಟು, ರೂಢಿಗೆ ಇಷ್ಟು ಎಂದು ಕೂಡಿಸಿ ಒಂದೇ ಅಂಕ ಮಾಡುವುದರಲ್ಲಿ ಅರ್ಥವಿಲ್ಲ, ಮೂರೂ ಬೇರೆಬೇರೆ ವಸ್ತುಗಳು. ಸರಾಸರಿಗಿಂತ ಮೇಲಿದ್ದವರನ್ನು ‘ಉತ್ತಮ ಅರಿವು’ ಎಂದು ವಿಂಗಡಿಸುವ ವಾಡಿಕೆಯೂ ದಾರಿ ತಪ್ಪಿಸುತ್ತದೆ. ಎಲ್ಲರಿಗೂ ಕಡಿಮೆ ತಿಳಿದಿರುವ ಊರಿನಲ್ಲೂ ಸುಮಾರು ಅರ್ಧ ಮಂದಿ ‘ಉತ್ತಮ’ರಾಗಿಬಿಡುತ್ತಾರೆ. ಓಆರ್‌ಎಸ್ ಸರಿಯಾಗಿ ಕಲಸಿ ತೋರಿಸಿದವರು ಇಷ್ಟು, ಸತುವಿನ ಗುಳಿಗೆಯನ್ನು ಭೇದಿ ನಡುವೆ ನಿಂತರೂ ಒಟ್ಟು 14 ದಿನ ಕೊಡಬೇಕೆಂದು ತಿಳಿದವರು ಇಷ್ಟು ಎಂದು ಪ್ರಶ್ನೆವಾರು ವರದಿ ಮಾಡಿದರೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಮುಂದೇನು ಮಾಡಬೇಕೆಂದು ತಿಳಿಯುತ್ತದೆ.

ಈ ಸಾಧನದ ದೊಡ್ಡ ಮಿತಿ ಅದರ ಹೆಸರಿನಲ್ಲೇ ಅಡಗಿರುವ ಊಹೆ: ತಿಳಿದರೆ ಮನಸ್ಸು ಬದಲಾಗುತ್ತದೆ, ಮನಸ್ಸು ಬದಲಾದರೆ ನಡೆ ಬದಲಾಗುತ್ತದೆ. ನೀರಿನ ವಿಷಯದಲ್ಲಿ ಈ ಸರಣಿ ಬಹಳ ಕಡೆ ಕಡಿಯುತ್ತದೆ. 2022ರಲ್ಲಿ ರಾಯಚೂರಿನ ಜನ ಕುಡಿದದ್ದು ಸರಬರಾಜಾಗಿ ಬಂದ ನಳದ ನೀರನ್ನೇ. ಕಾಲುವೆ ಬತ್ತಿದ ಬೇಸಿಗೆಯಲ್ಲಿ ಮಾನ್ವಿ ಕಡೆಯ ಹೆಂಗಸಿಗೆ ಯಾವ ನೀರು ಒಳ್ಳೆಯದೆಂದು ಗೊತ್ತಿದ್ದರೂ ಆರಿಸಿಕೊಳ್ಳಲು ಬೇರೆ ಇರುವುದಿಲ್ಲ. ಅದಕ್ಕಾಗಿ ಪ್ರಶ್ನಾವಳಿಗೆ ನಾಲ್ಕನೆಯ ಭಾಗವೊಂದು ಬೇಕು: ನಳಕ್ಕೆ ವಾರದಲ್ಲಿ ಎಷ್ಟು ದಿನ ನೀರು ಬಂತು, ಘಟಕ ನಡೆಯುತ್ತಿದೆಯೇ, ಸೌದೆ–ಗ್ಯಾಸಿನ ಖರ್ಚು ಎಷ್ಟು, ಗುಳಿಗೆ ಕೊನೆಯ ಸಲ ಸಿಕ್ಕಿದ್ದು ಯಾವಾಗ. ಅದನ್ನು ಬೇಸಿಗೆ ಮತ್ತು ಮಳೆಗಾಲ ಎರಡರಲ್ಲೂ ಕೇಳಬೇಕು. ಈ ಭಾಗವಿಲ್ಲದ ಸಮೀಕ್ಷೆ ರೂಢಿ ಕಡಿಮೆ ಬಂದಾಗಲೆಲ್ಲ ಕಾರಣವನ್ನು ಜನರ ಅರಿವಿನಲ್ಲೇ ಹುಡುಕುತ್ತದೆ, ಪರಿಹಾರವಾಗಿ ಇನ್ನೊಂದು ಜಾಗೃತಿ ಶಿಬಿರವನ್ನೇ ಸೂಚಿಸುತ್ತದೆ. ಭಾಗವಿದ್ದರೆ ಕುದಿಸದ ಮನೆಗಳಲ್ಲಿ ತಿಳಿಯದವು ಎಷ್ಟು, ತಿಳಿದೂ ಸೌದೆಯಿಲ್ಲದವು ಎಷ್ಟು, ಕುದಿಸಿ ಪ್ರಯೋಜನವಿಲ್ಲದ ಫ್ಲೋರೈಡ್ ನೀರಿನವು ಎಷ್ಟು ಎಂದು ಬೇರೆಬೇರೆಯಾಗಿ ಎಣಿಸಬಹುದು. ಮೊದಲನೆಯವರಿಗೆ ತಿಳಿವಳಿಕೆ, ಎರಡನೆಯವರಿಗೆ ಕ್ಲೋರಿನ್ ಗುಳಿಗೆ, ಮೂರನೆಯವರಿಗೆ ಬೇರೆ ನೀರಿನ ಮೂಲ ಬೇಕಾಗುತ್ತದೆ.